ಜರ್ಮನಿ ವೀಸಾಕ್ಕೆ ಕಂಪನಿ ಪತ್ರ: ಎರಡು ಸಲ ಬರೆದ ಒಂದು ಮೇಲ್

“ಮೇಡಂ, ಮಗಳ ಹೆರಿಗೆಗೆ ಜರ್ಮನಿಗೆ ಹೋಗಬೇಕು. ವೀಸಾಕ್ಕೆ ಕಂಪನಿಯಿಂದ ಲೆಟರ್ ಬೇಕಂತೆ. ಮೂರು ತಿಂಗಳು ರಜೆನೂ ಬೇಕು. ದಯವಿಟ್ಟು ಬೇಗ ಕೊಡಿ, ಅರ್ಜೆಂಟ್.”

ಮೇ ತಿಂಗಳ ಮೊದಲ ವಾರ ನಮ್ಮ ಎಚ್‌ಆರ್ ವಿಭಾಗಕ್ಕೆ ಬಂದ ಮೇಲ್ ಇಷ್ಟೇ. ಕಳಿಸಿದವರು ಅಕೌಂಟ್ಸ್ ವಿಭಾಗದಲ್ಲಿರುವ ಹಿರಿಯ ಸಹೋದ್ಯೋಗಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ 19 ವರ್ಷದಿಂದ ಇದ್ದಾರೆ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಇಲ್ಲೂ ಹಾಗೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬಿಟ್ಟು ಈ ಪ್ರಕರಣ ಬರೆಯುತ್ತಿದ್ದೇನೆ. ಇಂಥ ಪತ್ರ ಸಿದ್ಧ ಮಾಡುವುದು ನನ್ನ ಕೆಲಸ. ಕೇಳುವವರು ಏನು ಬರೆದರೆ ಪತ್ರ ಸರಿಯಾಗಿ ಹೊರಡುತ್ತದೆ ಅನ್ನುವುದು ಈ ಮೇಜಿನ ಕಡೆಯಿಂದ ಚೆನ್ನಾಗಿ ಕಾಣುತ್ತದೆ.

ಅಕ್ಕನ ಮೇಲ್‌ಗೆ ಅವತ್ತೇ ಪತ್ರ ಕೊಡಬಹುದಿತ್ತು. ನಮ್ಮ ಹತ್ತಿರ ಸಿದ್ಧ ನಮೂನೆ ಒಂದಿದೆ. “ಇವರು ಇಂಥ ದಿನದಿಂದ ನಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ, ಇವರ ಹುದ್ದೆ ಇದು, ವಾರ್ಷಿಕ ವೇತನ ಇಷ್ಟು” ಎಂದು ನಾಲ್ಕು ಸಾಲು. ಬ್ಯಾಂಕ್ ಸಾಲಕ್ಕೆ, ಮನೆ ಬಾಡಿಗೆ ಕರಾರಿಗೆ, ಮಕ್ಕಳ ಕಾಲೇಜು ಅರ್ಜಿಗೆ ಅದು ಸಾಕು. ಆದರೆ ವೀಸಾ ಅಧಿಕಾರಿ ಕೇಳುವ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ಆ ಪ್ರಶ್ನೆ ಏನು ಅಂತ ಮೊದಲು ನೋಡೋಣ. ಜರ್ಮನಿ ಷೆಂಗೆನ್ ಒಪ್ಪಂದದ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಲು ಬಿಡುವ ಯುರೋಪಿನ ದೇಶಗಳಲ್ಲಿ ಒಂದು. ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನದೊಳಗೆ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಅರ್ಜಿದಾರರು ವೀಸಾ ಮುಗಿಯುವ ಮೊದಲು ವಾಪಸ್ ಹೋಗುತ್ತಾರೆ ಅನ್ನುವ ಬಗ್ಗೆ ಅನುಮಾನ ಬಂದರೆ ಅದೊಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಹುದು. ಷೆಂಗೆನ್ ದೇಶಗಳು ಕೊಡುವ ತಿರಸ್ಕಾರದ ನಮೂನೆಯಲ್ಲಿ ಈ ಕಾರಣ ಅಚ್ಚಾಗಿಯೇ ಇರುತ್ತದೆ, ಟಿಕ್ ಹಾಕಿದರೆ ಮುಗಿಯಿತು. ಅಕ್ಕನ ವಿಷಯದಲ್ಲಿ ಈ ಅನುಮಾನ ಬರಲು ಜಾಗ ಇತ್ತು. ಇದು ಮೊದಲ ವಿದೇಶ ಪ್ರಯಾಣ. ಒಬ್ಬಳೇ ಮಗಳು ಅಲ್ಲೇ ಇದ್ದಾಳೆ. ಗಂಡ ತೀರಿಕೊಂಡಿದ್ದಾರೆ. ಹೋದರೆ ತಿಂಗಳುಗಟ್ಟಲೆ ಇರುತ್ತಾರೆ.

ಖರ್ಚಿನ ಪ್ರಶ್ನೆ ಇಲ್ಲಿ ಅಷ್ಟು ದೊಡ್ಡದಾಗಿರಲಿಲ್ಲ. ಮಗಳು ತನ್ನ ಊರಿನ ವಿದೇಶಿಯರ ಕಚೇರಿಗೆ ಹೋಗಿ, ಅಮ್ಮನ ಖರ್ಚಿನ ಹೊಣೆ ತನ್ನದು ಎಂದು ಅಧಿಕೃತ ಪತ್ರ ಮಾಡಿಸುತ್ತಿದ್ದಳು. ಜರ್ಮನಿಯಲ್ಲಿ ಅದಕ್ಕೊಂದು ಕಾನೂನುಬದ್ಧ ವ್ಯವಸ್ಥೆಯೇ ಇದೆ. ಹಾಗಾಗಿ ನಮ್ಮ ಪತ್ರದ ಮುಖ್ಯ ಕೆಲಸ ಸಂಬಳ ತೋರಿಸುವುದಲ್ಲ. ಅಕ್ಕನಿಗೆ ಮೈಸೂರಿನಲ್ಲಿ ಕಾಯಂ ಕೆಲಸ ಇದೆ, ಈ ದಿನದಿಂದ ಈ ದಿನದವರೆಗೆ ರಜೆ ಕೊಟ್ಟಿದ್ದೇವೆ, ಈ ದಿನ ವಾಪಸ್ ಕೆಲಸಕ್ಕೆ ಬರಬೇಕು ಎಂದು ಹೇಳುವುದು. ಈ ಮೂರು ಮಾತು ಇಲ್ಲದ ಪತ್ರ ಎಷ್ಟು ಒಳ್ಳೆಯ ಲೆಟರ್‌ಹೆಡ್‌ನಲ್ಲಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಅಕ್ಕನ ಮೇಲ್‌ನಲ್ಲಿ ದಿನಾಂಕವೇ ಇರಲಿಲ್ಲ. ರಜೆ ಮಂಜೂರಾಗಿರಲೂ ಇಲ್ಲ. ಮಂಜೂರಾಗದ ರಜೆಯನ್ನು ಮಂಜೂರಾಗಿದೆ ಎಂದು ಎಚ್‌ಆರ್ ಬರೆಯಲು ಆಗುವುದಿಲ್ಲ, ಅಲ್ವಾ? ಇಂಥ ಪತ್ರಗಳು ತಡವಾಗುವುದಕ್ಕೆ ನಾನು ಕಂಡಂತೆ ದೊಡ್ಡ ಕಾರಣ ಇದೇ. ಪತ್ರ ಬೇಕು ಅಂತ ಎಚ್‌ಆರ್‌ಗೆ ಬರೆಯುತ್ತಾರೆ. ಎಚ್‌ಆರ್, ಅವರು ಕೆಲಸ ಮಾಡುವ ವಿಭಾಗದ ಮುಖ್ಯಸ್ಥರನ್ನು ಕೇಳುತ್ತದೆ. ಅವರಿಗೆ ವಿಷಯವೇ ಗೊತ್ತಿರುವುದಿಲ್ಲ. ಅಲ್ಲಿಗೆ ಫೈಲ್ ನಿಂತಿತು.

ಅಕ್ಕನನ್ನು ಕರೆದು ಕೂರಿಸಿಕೊಂಡು ಮಾತಾಡಿದೆ. ಮೊದಲು ರಜೆಯ ಲೆಕ್ಕ. ಅವರ ಖಾತೆಯಲ್ಲಿ ಗಳಿಕೆ ರಜೆ ಇದ್ದದ್ದು 38 ದಿನ. ಉಳಿದದ್ದಕ್ಕೆ ಸಂಬಳ ಇಲ್ಲದ ರಜೆಯೇ ಗತಿ. ಹೆರಿಗೆ ಆಗಸ್ಟ್ ಕೊನೆಗೆ ಎಂದು ಡಾಕ್ಟರ್ ಹೇಳಿದ್ದರಂತೆ. “ಪೂರ್ತಿ ಮೂರು ತಿಂಗಳು ಇರ್ತೀನಿ ಮೇಡಂ, ಬಾಣಂತಿನ ಹೇಗೆ ಬಿಟ್ಟು ಬರಲಿ?” ಎಂದರು. ಅದು ತಾಯಿಯ ಮಾತು, ಅರ್ಥವಾಗುತ್ತದೆ. ಆದರೆ ಮೂರು ತಿಂಗಳು ಅಂದರೆ 92 ದಿನವೂ ಆಗಬಹುದು. 90 ದಾಟಿದರೆ ಅದು ಈ ವೀಸಾ ಅಲ್ಲವೇ ಅಲ್ಲ. 90ರ ಅಂಚಿಗೇ ನಿಂತರೆ ವಿಮಾನ ಒಂದು ದಿನ ತಪ್ಪಿದರೂ ಕಷ್ಟ. ಅಕೌಂಟ್ಸ್ ಮುಖ್ಯಸ್ಥರ ಕಷ್ಟವೂ ಇತ್ತು. ಅರ್ಧ ವರ್ಷದ ಲೆಕ್ಕ ಮುಗಿಸುವ ಕೆಲಸ ಅಕ್ಟೋಬರ್‌ನಲ್ಲಿ ಬರುತ್ತದೆ. ಮಾತಾಡಿ ಆಗಸ್ಟ್ 3ರಿಂದ ಅಕ್ಟೋಬರ್ 16ರವರೆಗೆ, ಒಟ್ಟು 75 ದಿನಕ್ಕೆ ಒಪ್ಪಿದರು. ಆ ಒಪ್ಪಿಗೆಯನ್ನು ಬಾಯಿ ಮಾತಿಗೆ ಬಿಡದೆ, ಅಕ್ಕನ ರಜೆ ಅರ್ಜಿಗೆ ಉತ್ತರವಾಗಿ ಮೇಲ್‌ನಲ್ಲೇ ಬರೆಸಿಕೊಂಡೆವು.

ಆಮೇಲೆ ಅಕ್ಕ ಎರಡನೇ ಮೇಲ್ ಕಳಿಸಿದರು. ಅದು ಇಂಗ್ಲಿಷ್‌ನಲ್ಲಿತ್ತು. ಅದನ್ನೇ ಕನ್ನಡದಲ್ಲಿ ಕೊಡುತ್ತಿದ್ದೇನೆ.

ವಿಷಯ: ಜರ್ಮನಿ ವೀಸಾ ಅರ್ಜಿಗೆ ಉದ್ಯೋಗ ಮತ್ತು ರಜೆ ದೃಢೀಕರಣ ಪತ್ರ – ಎಂಪ್ಲಾಯಿ ನಂಬರ್ …… – ಜೂನ್ 10ರೊಳಗೆ ಬೇಕಿದೆ

ಮಾನ್ಯರೇ,

ನಾನು ಅಕೌಂಟ್ಸ್ ವಿಭಾಗದಲ್ಲಿ ಸೀನಿಯರ್ ಅಸಿಸ್ಟೆಂಟ್. ಜರ್ಮನಿಯಲ್ಲಿರುವ ನನ್ನ ಮಗಳ ಮನೆಗೆ ಹೋಗಲು ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುತ್ತಿದ್ದೇನೆ. ಜೂನ್ 18ಕ್ಕೆ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ನನ್ನ ಅಪಾಯಿಂಟ್‌ಮೆಂಟ್ ಇದೆ. ಅರ್ಜಿಯ ಜೊತೆ ಕಂಪನಿಯ ಪತ್ರ ಕೊಡಬೇಕು.

ಆಗಸ್ಟ್ 3ರಿಂದ ಅಕ್ಟೋಬರ್ 16ರವರೆಗೆ ನನಗೆ ರಜೆ ಮಂಜೂರಾಗಿದೆ. ವಿಭಾಗದ ಮುಖ್ಯಸ್ಥರ ಒಪ್ಪಿಗೆಯ ಮೇಲ್ ಲಗತ್ತಿಸಿದ್ದೇನೆ. ಆಗಸ್ಟ್ 4ಕ್ಕೆ ಹೊರಟು ಅಕ್ಟೋಬರ್ 14ಕ್ಕೆ ಅಲ್ಲಿಂದ ವಾಪಸ್ ಹೊರಡುವ ಯೋಜನೆ ಇದೆ. ಅಕ್ಟೋಬರ್ 17ಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆ.

ಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆ ನನ್ನ ಹೆಸರು ಮತ್ತು ಪಾಸ್‌ಪೋರ್ಟ್ ನಂಬರ್, ಕೆಲಸಕ್ಕೆ ಸೇರಿದ ದಿನಾಂಕ, ಕಾಯಂ ನೌಕರಳು ಎಂಬ ವಿಷಯ, ಈಗಿನ ಹುದ್ದೆ, ತಿಂಗಳ ಒಟ್ಟು ಸಂಬಳ, ರಜೆಯ ದಿನಾಂಕಗಳು, ವಾಪಸ್ ಬಂದು ಸೇರಬೇಕಾದ ದಿನ ಇವನ್ನು ಬರೆಯಲು ಕೋರುತ್ತೇನೆ. ಸಹಿ ಮಾಡಿದವರ ಹೆಸರು, ಹುದ್ದೆ, ಫೋನ್ ಮತ್ತು ಕಂಪನಿಯ ಇಮೇಲ್ ವಿಳಾಸ ಇರಲಿ. ಪತ್ರವನ್ನು ಜರ್ಮನ್ ಕಾನ್ಸುಲೇಟ್ ಜನರಲ್‌ನ ವೀಸಾ ವಿಭಾಗದ ಹೆಸರಿಗೆ ಬರೆಯಬೇಕು. ಲೆಟರ್‌ಹೆಡ್ ಮೇಲೆ ಸಹಿ ಮತ್ತು ಮೊಹರು ಇರುವ ಮೂಲ ಪ್ರತಿ ಬೇಕು.

ಕಂಪನಿಯ ದಾಖಲೆಯಲ್ಲಿ ನನ್ನ ಹೆಸರು ಇನಿಷಿಯಲ್ ಜೊತೆ ಇದೆ. ಪಾಸ್‌ಪೋರ್ಟ್‌ನಲ್ಲಿ ಬೇರೆ ರೀತಿ ಇದೆ. ಎರಡೂ ಒಬ್ಬರದೇ ಎಂದು ಒಂದು ಸಾಲು ಸೇರಿಸಬೇಕೆಂದು ಕೋರುತ್ತೇನೆ. ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟ, ಮೂರು ತಿಂಗಳ ಪೇ ಸ್ಲಿಪ್, ರಜೆ ಒಪ್ಪಿಗೆಯ ಮೇಲ್ ಲಗತ್ತಿಸಿದ್ದೇನೆ. ನನ್ನ ಪ್ರಯಾಣದ ಖರ್ಚಿಗಾಗಲಿ, ಬೇರೆ ಯಾವುದಕ್ಕಾಗಲಿ ಕಂಪನಿ ಹೊಣೆಯಲ್ಲ ಎಂಬುದು ನನಗೆ ತಿಳಿದಿದೆ.

ಜೂನ್ 10ರೊಳಗೆ ಪತ್ರ ಸಿಕ್ಕರೆ ಏನಾದರೂ ತಿದ್ದಬೇಕಾದರೆ ಸಮಯ ಇರುತ್ತದೆ. ಏನಾದರೂ ವಿವರ ಬೇಕಿದ್ದರೆ ನಾನೇ ಬಂದು ಕೊಡುತ್ತೇನೆ.

ಧನ್ಯವಾದಗಳು.

ಇದು ಉದ್ದವಾಯಿತು ಅನ್ನಿಸಬಹುದು. ನಮಗೆ ಹಾಗೆ ಅನ್ನಿಸಲಿಲ್ಲ. ಎಚ್‌ಆರ್‌ನಲ್ಲಿ ಕೂತವರಿಗೆ ಎಲ್ಲ ದೇಶದ ವೀಸಾ ನಿಯಮ ಗೊತ್ತಿರುವುದಿಲ್ಲ. ಏನು ಬೇಕು ಅಂತ ಮೇಲ್‌ನಲ್ಲೇ ಇದ್ದರೆ ಅದನ್ನು ನೋಡಿಕೊಂಡು ದಾಖಲೆ ತಾಳೆ ಹಾಕಿ ಪತ್ರ ಬರೆದುಬಿಡುತ್ತೇವೆ. ಸಬ್ಜೆಕ್ಟ್ ಸಾಲಿನಲ್ಲೇ ದಿನಾಂಕ ಇದ್ದದ್ದರಿಂದ, “ಅರ್ಜೆಂಟ್” ಎಂಬ ಪದ ಒಮ್ಮೆಯೂ ಬರದಿದ್ದರೂ ಈ ಮೇಲ್ ಮೇಲಕ್ಕೆ ಬಂತು.

ಇನ್ನು ಇದರೊಳಗಿನ ಎರಡು ಮೂರು ವಿಷಯಗಳ ಮೇಲೆ ಸ್ವಲ್ಪ ನಿಲ್ಲಬೇಕು.

ಮೊದಲನೆಯದು ಹೆಸರು. ನಮ್ಮ ಮೈಸೂರು, ಮಂಡ್ಯ ಕಡೆ ಹೆಸರಿಗೆ ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಹೆಸರಿನ ಅಕ್ಷರ ಹಾಕಿ ಬರೆಯುವುದು ವಾಡಿಕೆ. ಶಾಲೆ ದಾಖಲೆ, ನೇಮಕಾತಿ ಪತ್ರ, ಪಿಎಫ್ ಎಲ್ಲದರಲ್ಲೂ ಹಾಗೇ ನಡೆದುಬಂದಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೆಸರು ಮತ್ತು ಸರ್‌ನೇಮ್ ಎಂದು ಎರಡು ಜಾಗ ಇರುತ್ತದೆ. ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಅಕ್ಕನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಗಂಡನ ಹೆಸರಿತ್ತು. ಕಂಪನಿ ದಾಖಲೆಯಲ್ಲಿ ಎರಡು ಅಕ್ಷರ ಮತ್ತು ಹೆಸರು ಅಷ್ಟೇ. ಇಲ್ಲಿ ನಮಗೆ ಅದು ಒಬ್ಬರೇ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಕಾಗದ ಮಾತ್ರ ನೋಡುವ ಅಧಿಕಾರಿಗೆ ಇಬ್ಬರು ಬೇರೆ ಬೇರೆ ಹೆಂಗಸರಂತೆ ಕಾಣಬಹುದು. ಹಾಗಾಗಿ ಪತ್ರದಲ್ಲಿ ಪಾಸ್‌ಪೋರ್ಟ್ ಹೆಸರನ್ನೇ ಮುಖ್ಯವಾಗಿ ಬರೆದು, ಮುಂದೆ “ನಮ್ಮ ದಾಖಲೆಯಲ್ಲಿ ಮತ್ತು ಪೇ ಸ್ಲಿಪ್‌ನಲ್ಲಿ ಇವರ ಹೆಸರು ಹೀಗಿದೆ” ಎಂದು ಸೇರಿಸಿದೆವು. ಪೇ ಸ್ಲಿಪ್‌ನಲ್ಲಿರುವ ಹೆಸರನ್ನು ಈಗ ಬದಲಾಯಿಸುವ ಅಗತ್ಯ ಇಲ್ಲ. ಹಳೆಯ ಸ್ಲಿಪ್‌ಗಳನ್ನು ತಿದ್ದಿ ಕೊಡಿ ಎಂದು ಕೇಳುವವರೂ ಇದ್ದಾರೆ. ಅದನ್ನು ಯಾವ ಎಚ್‌ಆರ್ ಕೂಡ ಮಾಡಬಾರದು.

ಎರಡನೆಯದು ಸಂಬಳ. ಇಲ್ಲಿ ಗೊಂದಲ ಜಾಸ್ತಿ. ನಮ್ಮ ಸಿದ್ಧ ನಮೂನೆಯಲ್ಲಿ ಬರುವುದು ಸಿಟಿಸಿ, ಅಂದರೆ ಕಂಪನಿಗೆ ಒಬ್ಬ ನೌಕರರ ಮೇಲೆ ತಗಲುವ ವರ್ಷದ ಒಟ್ಟು ವೆಚ್ಚ. ಅಕ್ಕನದು 4,80,000 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 40,000. ಆದರೆ ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬೋನಸ್ ಎಲ್ಲ ಸೇರಿದೆ. ಪೇ ಸ್ಲಿಪ್‌ನಲ್ಲಿ ಕಾಣುವ ಒಟ್ಟು ಸಂಬಳ 36,000. ಅದರಲ್ಲಿ ಅಕ್ಕನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗುತ್ತದೆ. ನಮ್ಮ ನೌಕರರ ಸೊಸೈಟಿಯಲ್ಲಿ ಅವರಿಗೊಂದು ಸಾಲ ಇದೆ, ಅದರ ಕಂತು 4,500 ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಕೊನೆಗೆ ಬ್ಯಾಂಕಿಗೆ ಬೀಳುವುದು 29,500.

ಪತ್ರದಲ್ಲಿ 4,80,000 ಎಂದು ಬರೆದು, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ತಿಂಗಳು 29,500 ಕಂಡರೆ ಅಧಿಕಾರಿ ಏನು ತಿಳಿದುಕೊಳ್ಳಬೇಕು? ವರ್ಷಕ್ಕೆ 1,26,000 ರೂಪಾಯಿ ವ್ಯತ್ಯಾಸ. ಎರಡೂ ನಿಜವೇ. ಆದರೆ ವಿವರಿಸಲು ಅಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಪೇ ಸ್ಲಿಪ್‌ನ ಒಟ್ಟು ಸಂಬಳವನ್ನೇ ಬರೆದೆವು. “ತಿಂಗಳ ಒಟ್ಟು ಸಂಬಳ 36,000 ರೂಪಾಯಿ, ಕಡಿತಗಳ ವಿವರ ಪೇ ಸ್ಲಿಪ್‌ನಲ್ಲಿದೆ” ಎಂದು. ಆಗ ಪತ್ರದಿಂದ ಪೇ ಸ್ಲಿಪ್‌ಗೆ, ಪೇ ಸ್ಲಿಪ್‌ನಿಂದ ಬ್ಯಾಂಕ್‌ಗೆ ಲೆಕ್ಕ ತಾನೇ ಹೊಂದುತ್ತದೆ. ಪತ್ರ ಕೈಗೆ ಬಂದ ಮೇಲೆ ಈ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಸಂಖ್ಯೆ ಎಲ್ಲಿಂದ ಎಲ್ಲಿಗೆ ಇಳಿಯಿತು ಎಂದು ಗುರುತು ಇಲ್ಲದವರಿಗೂ ತಿಳಿಯುವಂತಿದ್ದರೆ ಸರಿ ಇದೆ ಎಂದರ್ಥ.

ಹುದ್ದೆಯ ವಿಷಯವೂ ಹೀಗೇ. ಅಕ್ಕ ಅರ್ಜಿಯಲ್ಲಿ “ಅಕೌಂಟೆಂಟ್” ಎಂದು ತುಂಬಿದ್ದರು. ನಮ್ಮ ದಾಖಲೆಯಲ್ಲಿ ಸೀನಿಯರ್ ಅಸಿಸ್ಟೆಂಟ್. ಅರ್ಜಿಯನ್ನು ದಾಖಲೆಗೆ ಹೊಂದಿಸಿಕೊಂಡರು.

ಮೂರನೆಯದು ಕಂಪನಿಯ ಭಯ. ಇದರ ಬಗ್ಗೆ ಪತ್ರ ಕೇಳುವವರು ಯೋಚಿಸಿರುವುದಿಲ್ಲ. ಆದರೆ ಎಷ್ಟೋ ಪತ್ರ ಸಹಿಯಾಗದೆ ಉಳಿಯುವುದು ಇದರಿಂದಲೇ. ಅಕ್ಕನಿಗೆ ಯಾರೋ ಒಬ್ಬರು ಒಂದು ಮಾದರಿ ಪತ್ರ ಕೊಟ್ಟಿದ್ದರು. ಅದರಲ್ಲಿ “ಇವರು ಖಂಡಿತ ಭಾರತಕ್ಕೆ ವಾಪಸ್ ಬರುತ್ತಾರೆ ಎಂದು ಕಂಪನಿ ಭರವಸೆ ಕೊಡುತ್ತದೆ” ಎಂಬ ಸಾಲು ಇತ್ತು. ನಮ್ಮ ಮ್ಯಾನೇಜರ್ ಅದನ್ನು ನೋಡಿದ ಕೂಡಲೇ ಪೆನ್ ಕೆಳಗಿಟ್ಟರು. ಅವರು ಮಾಡಿದ್ದು ಸರಿ. ಒಬ್ಬ ಮನುಷ್ಯರು ಮುಂದೆ ಏನು ಮಾಡುತ್ತಾರೆ ಎಂಬುದಕ್ಕೆ ಕಂಪನಿ ಹೇಗೆ ಜವಾಬ್ದಾರಿ ಹೊರುತ್ತದೆ? ಅಂಥ ಭರವಸೆ ಬೇಕಾಗಿಯೂ ಇಲ್ಲ. ಕಂಪನಿಗೆ ಗೊತ್ತಿರುವ ಸಂಗತಿ ಬರೆದರೆ ಸಾಕು. “ಇವರ ಹುದ್ದೆ ಮುಂದುವರಿಯುತ್ತದೆ. ರಜೆ ಮುಗಿದು ಅಕ್ಟೋಬರ್ 17ರಂದು ಕೆಲಸಕ್ಕೆ ಹಾಜರಾಗಬೇಕು. ಈ ಪ್ರವಾಸಕ್ಕೆ ನಮ್ಮ ಆಕ್ಷೇಪಣೆ ಇಲ್ಲ.” ಇಷ್ಟಕ್ಕೆ ಸಹಿ ಹಾಕಲು ಯಾರಿಗೂ ಅಳುಕು ಇರುವುದಿಲ್ಲ. ಎರಡನೇ ಮೇಲ್‌ನಲ್ಲಿ ಕಂಪನಿ ಹೊಣೆಯಲ್ಲ ಎಂದು ಅಕ್ಕನೇ ಬರೆದದ್ದು ಕೂಡ ಒಳ್ಳೆಯದಾಯಿತು.

ರಜೆಯಲ್ಲಿ ಅರ್ಧ ಭಾಗ ಸಂಬಳ ಇಲ್ಲದ್ದು ಎಂದು ಬರೆಯಬೇಕೋ ಬೇಡವೋ ಎಂದು ಅಕ್ಕ ಕೇಳಿದರು. ಬರೆದರೆ ತೊಂದರೆಯಾಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿತ್ತು: ಬರೆಯೋಣ. ಖರ್ಚನ್ನು ಮಗಳು ನೋಡಿಕೊಳ್ಳುತ್ತಾಳೆ ಎಂಬುದಕ್ಕೆ ಅಧಿಕೃತ ಪತ್ರ ಇದೆ. ಮುಚ್ಚಿಡಲು ಏನೂ ಇಲ್ಲ. ಫೋನ್ ಬಂದು ಕೇಳಿದರೆ ಎಚ್‌ಆರ್ ನಿಜವನ್ನೇ ಹೇಳುತ್ತದೆ, ಆಗ ಪತ್ರವೂ ಅದನ್ನೇ ಹೇಳಿರಬೇಕು. ಗಳಿಕೆ ರಜೆ 38 ದಿನ, ಉಳಿದದ್ದು ವೇತನರಹಿತ ರಜೆ ಎಂದೇ ಬರೆದೆವು.

ಪತ್ರ ಜೂನ್ 8ರ ದಿನಾಂಕದಲ್ಲಿ ಹೊರಟಿತು. ಒಂದೇ ಪುಟ. ಅರ್ಜಿ ಕೊಡುವ ದಿನಕ್ಕೆ ಹತ್ತಿರದ ದಿನಾಂಕ ಇರಲಿ ಎಂದೇ ಮೇ ತಿಂಗಳಲ್ಲಿ ಕೊಡಲಿಲ್ಲ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಪ್ರಕರಣಗಳಲ್ಲಿ 45 ದಿನದವರೆಗೂ ಹೋಗಬಹುದು. ಜೂನ್ 18ಕ್ಕೆ ಕೊಟ್ಟರೆ 45 ದಿನ ಹಿಡಿದರೂ ಆಗಸ್ಟ್ 2. ಪ್ರಯಾಣ ಆಗಸ್ಟ್ 4. ಅಪಾಯಿಂಟ್‌ಮೆಂಟ್ ಅದಕ್ಕಿಂತ ತಡವಾಗಿ ಸಿಕ್ಕಿದ್ದರೆ ಟಿಕೆಟ್ ಮುಂದಕ್ಕೆ ಹಾಕಲು ಹೇಳುತ್ತಿದ್ದೆ.

ಇನ್ನೊಂದು ಕಾರಣಕ್ಕೂ ಇಷ್ಟು ಎಚ್ಚರ ಬೇಕಿತ್ತು. ಮೊದಲು ಜರ್ಮನಿ ವೀಸಾ ತಿರಸ್ಕಾರವಾದರೆ ಅದೇ ಕಚೇರಿಗೆ ಮತ್ತೊಮ್ಮೆ ಪರಿಶೀಲಿಸಿ ಎಂದು ಬರೆದುಕೊಳ್ಳಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಮುಚ್ಚಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ದೊಡ್ಡವರಿಗೆ 90 ಯೂರೋ ಶುಲ್ಕವನ್ನು ಮತ್ತೆ ಕಟ್ಟಬೇಕು. ಇಲ್ಲವೇ ಅಲ್ಲಿನ ಕೋರ್ಟಿಗೆ ಹೋಗಬೇಕು. ಹೆರಿಗೆಯ ದಿನ ಹತ್ತಿರ ಇರುವಾಗ ಎರಡೂ ಆಗದ ಮಾತು.

ಅಕ್ಕ ಬೆಂಗಳೂರಿಗೆ ಹೋಗುವ ಮೊದಲು ಎಲ್ಲ ಕಾಗದದ ದಿನಾಂಕಗಳನ್ನು ಮತ್ತೆ ತಾಳೆ ಹಾಕಿದೆವು. ಮಗಳ ಪತ್ರದಲ್ಲಿ ಆಗಸ್ಟ್ 5ರಿಂದ ಅಕ್ಟೋಬರ್ 14. ವಿಮಾನದ ಬುಕಿಂಗ್ ಅದಕ್ಕೆ ಸರಿಯಾಗಿತ್ತು. ಪ್ರಯಾಣ ವಿಮೆ ಮಾತ್ರ ಸೆಪ್ಟೆಂಬರ್ 30ಕ್ಕೇ ಮುಗಿಯುತ್ತಿತ್ತು. ಕನಿಷ್ಠ 30,000 ಯೂರೋ ರಕ್ಷಣೆ ಇರುವ ವಿಮೆ ಇದ್ದ ಮಾತ್ರಕ್ಕೆ ಆಗುವುದಿಲ್ಲ, ಅಲ್ಲಿರುವ ಅಷ್ಟೂ ದಿನಕ್ಕೆ ಇರಬೇಕು. ಅದನ್ನು ವಿಸ್ತರಿಸಿಕೊಂಡರು. ಕಂಪನಿ ಪತ್ರದ ರಜೆ ಈ ಎಲ್ಲ ದಿನಗಳಿಗಿಂತ ಎರಡೂ ಕಡೆ ಸ್ವಲ್ಪ ಅಗಲವಾಗಿತ್ತು. ಅದು ಹಾಗೇ ಇರಬೇಕು. ರಜೆ ಮುಗಿದ ಮೇಲೆ ವಿಮಾನ ಹೊರಡುವಂತಿದ್ದರೆ ಪತ್ರ ಅರ್ಜಿಯ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಪತ್ರ ಕೊಟ್ಟ ದಿನವೇ ನಮ್ಮ ರಿಸೆಪ್ಷನ್‌ಗೂ ಒಂದು ಮಾತು ಹೇಳಿಟ್ಟಿದ್ದೆ. ಕಾನ್ಸುಲೇಟ್‌ನಿಂದ ಫೋನ್ ಬಂದರೆ ಸುಮ್ನೆ “ಗೊತ್ತಿಲ್ಲ” ಎನ್ನದೆ ಎಚ್‌ಆರ್‌ಗೆ ಕೊಡಿ ಎಂದು. ಜೂನ್ ಕೊನೆಯಲ್ಲಿ ಫೋನ್ ಬಂತು. ಅಕ್ಕ ಯಾವಾಗಿನಿಂದ ಇದ್ದಾರೆ, ರಜೆ ಯಾವಾಗಿನಿಂದ ಯಾವಾಗಿನವರೆಗೆ, ಪತ್ರಕ್ಕೆ ಸಹಿ ಮಾಡಿದವರು ಯಾರು ಎಂದು ಕೇಳಿದರು. ಪತ್ರದ ಪ್ರತಿ ಫೈಲ್‌ನಲ್ಲಿತ್ತು, ನೋಡಿ ಹೇಳಿದೆ. ಮಾತು ಎರಡು ನಿಮಿಷವೂ ಆಗಲಿಲ್ಲ. ಜುಲೈನಲ್ಲಿ, ಕೇಳಿದ್ದ ಅಷ್ಟೂ ದಿನಕ್ಕೆ ವೀಸಾ ಬಂತು.

ಈ ಪತ್ರವನ್ನೇ ಬೇರೆ ದೇಶಕ್ಕೂ ಬಳಸಬಹುದಾ ಎಂದು ನಮ್ಮಲ್ಲೇ ಇನ್ನೊಬ್ಬ ಹುಡುಗ ಕೇಳಿದ. ಬ್ರಿಟನ್‌ಗೆ ಪ್ರವಾಸ ಹೋಗುವುದಾದರೆ ಹೆಚ್ಚುಕಡಿಮೆ ಇದೇ ಸಾಕು. ಅವರು ಹುದ್ದೆ, ಸಂಬಳ, ಎಷ್ಟು ಕಾಲದಿಂದ ಕೆಲಸ ಎಂಬುದನ್ನು ಲೆಟರ್‌ಹೆಡ್ ಮೇಲೆ ನೋಡುತ್ತಾರೆ. ಅವನಿಗೆ ಬೇಕಿದ್ದದ್ದು ಕೆನಡಾದಲ್ಲಿ ಕಾಯಂ ನೆಲೆಸುವ ಅರ್ಜಿಗೆ. ಅದು ಪೂರಾ ಬೇರೆ ಪತ್ರ. ಅಲ್ಲಿ ಅನುಭವ ಲೆಕ್ಕ ಹಾಕುತ್ತಾರೆ. ಹಾಗಾಗಿ ಪ್ರತಿ ಹುದ್ದೆಯಲ್ಲೂ ಮಾಡಿದ ಕೆಲಸಗಳ ವಿವರ, ವಾರಕ್ಕೆ ಎಷ್ಟು ಗಂಟೆ ಎಂಬುದು ಬರಲೇಬೇಕು. ರಜೆಯ ಮಾತು ಅಲ್ಲಿ ಬೇಕಾಗಿಯೇ ಇಲ್ಲ.

ಎಚ್‌ಆರ್ ವಿಭಾಗವೇ ಇಲ್ಲದ ಕಡೆ ಕೆಲಸ ಮಾಡುವವರೂ ನಮ್ಮಲ್ಲಿ ಬಹಳ. ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ಅಕ್ಕನ ನಾದಿನಿ ಇದೇ ಮೇಲ್ ಇಟ್ಟುಕೊಂಡು ತಮ್ಮ ಕಾರ್ಯದರ್ಶಿಗಳಿಗೆ ಬರೆದರು. ಆ ಶಾಲೆಯ ಲೆಟರ್‌ಹೆಡ್ ಕನ್ನಡದಲ್ಲಿದೆ, ಇಮೇಲ್ ವಿಳಾಸ ಯಾರದೋ ಸ್ವಂತದ್ದು. ಲೆಟರ್‌ಹೆಡ್ ಹಾಗೇ ಇರಲಿ, ಒಳಗಿನ ಬರಹ ಇಂಗ್ಲಿಷ್‌ನಲ್ಲಿರಲಿ, ಶಾಲೆಯ ಹೆಸರು ಮತ್ತು ವಿಳಾಸವನ್ನು ಇಂಗ್ಲಿಷ್‌ನಲ್ಲೂ ಒಮ್ಮೆ ಬರೆಯಿರಿ, ಶಾಲೆಯ ಲ್ಯಾಂಡ್‌ಲೈನ್ ಮತ್ತು ಕಾರ್ಯದರ್ಶಿಗಳ ಮೊಬೈಲ್ ಎರಡೂ ಕೊಡಿ ಎಂದು ಹೇಳಿದೆ. ಸಂಬಳ ಬರೆಯಲು ಕಾರ್ಯದರ್ಶಿಗಳು ಒಪ್ಪಲಿಲ್ಲವಂತೆ. ಆಗ ಪತ್ರದಲ್ಲಿ ಹುದ್ದೆ, ಸೇರಿದ ದಿನ, ರಜೆ, ವಾಪಸ್ ಸೇರುವ ದಿನ ಇಷ್ಟನ್ನೇ ಬರೆಸಿಕೊಂಡು, ಸಂಬಳಕ್ಕೆ ಪೇ ಸ್ಲಿಪ್, ಫಾರಂ 16 ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಲು ಹೇಳಿದೆ. ಜೊತೆಗೆ ತಮ್ಮ ಕಡೆಯಿಂದ ಬರೆಯುವ ವಿವರಣೆ ಪತ್ರದಲ್ಲಿ, ಶಾಲೆ ಪತ್ರದಲ್ಲಿ ಸಂಬಳ ನಮೂದಿಸುವುದಿಲ್ಲ, ಅದಕ್ಕೆ ಈ ದಾಖಲೆಗಳನ್ನು ಕೊಟ್ಟಿದ್ದೇನೆ ಎಂದು ಒಂದು ಸಾಲು ಸೇರಿಸಿಕೊಂಡರು.